ಹಾಸ್ಟೆಲ್ ಪುಸ್ತಕಗಳನ್ನು ಡೇಟಾಬೇಸಿಗೆ ತರಲು ಪ್ರಾಂಶುಪಾಲರಿಗೆ ಪತ್ರ: ಸಿದ್ಧತೆಯಿಂದ ಸ್ವೀಕೃತಿಯವರೆಗೆ

ದಾವಣಗೆರೆ ಮತ್ತು ಚಿತ್ರದುರ್ಗದ ಕಾಲೇಜು ವಿದ್ಯಾರ್ಥಿನಿಲಯಗಳ ನಿಲಯಪಾಲಕರು, ಉಪನ್ಯಾಸಕರು ಮತ್ತು ಹಿರಿಯ ವಿದ್ಯಾರ್ಥಿಗಳು ಪ್ರಾಂಶುಪಾಲರಿಗೆ ಸಲ್ಲಿಸುವ ಮೊದಲು ಓದಿಕೊಡಿ ಎಂದು ನನಗೆ ಕೊಟ್ಟ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾರಣಕ್ಕೆ ಹಿಂದಿರುಗಿವೆ. ಅವು ‘ಎಲ್ಲ ಪುಸ್ತಕಗಳನ್ನೂ ಗಣಕೀಕರಣಗೊಳಿಸಬೇಕು’ ಎಂದು ಕೇಳುತ್ತವೆ. ಆದರೆ ಯಾವ ಪುಸ್ತಕದಲ್ಲಿ ಏನು ತಪ್ಪಾಗುತ್ತಿದೆ, ಎಷ್ಟು ಹಣ ಬೇಕು, ಯಂತ್ರ ಕೆಟ್ಟ ದಿನ ಯಾರು ಉತ್ತರ ಕೊಡಬೇಕು ಎಂಬುದನ್ನು ಹೇಳುವುದಿಲ್ಲ. ನನ್ನ ಮೊದಲ ಪತ್ರವೂ ಹಾಗೆಯೇ ಇತ್ತು. ಅದರ ಅಂಚಿನಲ್ಲಿ ‘ಹೊಣೆ ಯಾರದು?’ ಎಂಬ ಎರಡೇ ಪದಗಳ ಷರಾ ಬಂದಿತ್ತು, ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಒಂದೇ ಪುಸ್ತಕವನ್ನು, ಅಂದರೆ ರಜೆ ಪುಸ್ತಕವನ್ನು, ಹಿಡಿದು ಹೋಗುತ್ತೇನೆ. ಪತ್ರ ಬರೆಯುವುದು ಏಳನೆಯ ಹಂತ. ಮೊದಲ ಆರು ಹಂತಗಳನ್ನು ಮಾಡದೆ ಕೂತರೆ ಪತ್ರದಲ್ಲಿ ಬರೆಯಲು ಏನೂ ಇರುವುದಿಲ್ಲ.

## ಮುಂಚೆ ಕೈಯಲ್ಲಿ ಇರಬೇಕಾದವು

ಕಳೆದ ಎರಡು ತಿಂಗಳ ರಜೆ ಪುಸ್ತಕ, ಅದೇ ತಿಂಗಳುಗಳ ಮೆಸ್ ಹಾಜರಿ ಪುಸ್ತಕ ಮತ್ತು ಮೆಸ್ ಬಿಲ್ಲುಗಳು ಬೇಕು. ಅವನ್ನು ನೋಡಲು ನಿಲಯಪಾಲಕರ ಅನುಮತಿ ಬೇಕು. ಈ ಅನುಮತಿಯಿಲ್ಲದೆ ಪುಸ್ತಕದ ಪುಟಗಳ ಫೋಟೊ ತೆಗೆದುಕೊಂಡು ಹೋಗಿ ಲೆಕ್ಕ ಮಾಡಿದರೆ, ಸುರಕ್ಷತೆಯ ಬಗ್ಗೆ ಮಾತನಾಡಲು ಹೊರಟ ಪತ್ರವೇ ಅದನ್ನು ಮುರಿದಂತಾಗುತ್ತದೆ. ಇವುಗಳ ಜೊತೆಗೆ ಮೆಸ್ ಕಡಿತದ ನಿಯಮವಿರುವ ಸುತ್ತೋಲೆ ಅಥವಾ ಪ್ರವೇಶ ಕೈಪಿಡಿಯ ಪುಟ, ಒಂದು ಕಂಪ್ಯೂಟರ್, ಅದರಲ್ಲಿ `SQLite` ಎಂಬ ಒಂದೇ ಕಡತದ ಡೇಟಾಬೇಸನ್ನು ನಡೆಸಲು ಉಚಿತವಾಗಿ ಸಿಗುವ `DB Browser for SQLite` ಎಂಬ ತಂತ್ರಾಂಶ, ಕಡತದ ನಕಲು ತೆಗೆಯಲು ಅಷ್ಟೇ ಉಚಿತವಾದ `sqlite3` ಎಂಬ ಕಮಾಂಡ್ ಸಾಧನ ಇದ್ದರೆ ಸಾಕು.

## 1. ಒಂದೇ ಪುಸ್ತಕವನ್ನು ಆರಿಸಿಕೊಳ್ಳಿ

ನಿಲಯದಲ್ಲಿ ಎಷ್ಟು ಪುಸ್ತಕಗಳಿವೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ: ಪ್ರವೇಶ, ರಾತ್ರಿ ಹಾಜರಿ, ರಜೆ, ಗೇಟು, ಸಂದರ್ಶಕರು, ಮೆಸ್ ಹಾಜರಿ, ದಿನಸಿ ದಾಸ್ತಾನು, ದೂರು. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಕೇಳಿ: ಈ ಪುಸ್ತಕದ ಸಾಲುಗಳನ್ನು ಇನ್ನೊಂದು ಪುಸ್ತಕದ ಸಾಲುಗಳೊಂದಿಗೆ ಯಾರಾದರೂ ತಿಂಗಳಿಗೊಮ್ಮೆ ಕೂತು ಹೊಂದಿಸುತ್ತಾರೆಯೇ? ಹೊಂದಿಸುವ ಕೆಲಸ ಇರುವ ಕಡೆಯಷ್ಟೇ ಡೇಟಾಬೇಸಿನಿಂದ ನಿಜವಾದ ಉಪಯೋಗವಿದೆ. ಬರೆದು ಮುಚ್ಚಿಡುವ ಪುಸ್ತಕವನ್ನು ಕಂಪ್ಯೂಟರಿಗೆ ಹಾಕಿದರೆ ಬರೆಯುವ ಕೆಲಸ ಎರಡು ಸಲ ಆಗುತ್ತದೆ, ಅಷ್ಟೆ.

ಹೆಚ್ಚಿನ ನಿಲಯಗಳಲ್ಲಿ ಉತ್ತರ ರಜೆ ಪುಸ್ತಕವೇ ಆಗಿರುತ್ತದೆ. ವಿದ್ಯಾರ್ಥಿ ಊರಿಗೆ ಹೋದ ದಿನಗಳ ಊಟದ ಹಣ ಬಿಲ್ಲಿನಲ್ಲಿ ಕಡಿತವಾಗಬೇಕು, ಅದಕ್ಕಾಗಿ ಗುಮಾಸ್ತರು ರಜೆ ಪುಸ್ತಕವನ್ನೂ ಮೆಸ್ ಹಾಜರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಹೆಸರು ಹುಡುಕುತ್ತಾರೆ.

ಗೇಟಿನ ಪುಸ್ತಕವನ್ನು ಮಾತ್ರ ಮುಟ್ಟಬೇಡಿ. ಅದು ರಾತ್ರಿ ಕಾವಲುಗಾರರ ಕೈಯಲ್ಲಿರುತ್ತದೆ, ಕರೆಂಟು ಹೋದಾಗಲೂ ಬರೆಯಬೇಕಾಗುತ್ತದೆ, ಮತ್ತು ಅದರಲ್ಲಿ ವಿದ್ಯಾರ್ಥಿಯ ಸ್ವಂತ ಸಹಿ ಇರುತ್ತದೆ. ಅದು ಕಾಗದದಲ್ಲೇ ಇರಲಿ ಎಂದು ಪತ್ರದಲ್ಲಿ ನೀವೇ ಬರೆಯಿರಿ. ಯಾವುದನ್ನು ಬದಲಿಸುವುದಿಲ್ಲ ಎಂದು ಹೇಳುವ ಪತ್ರವನ್ನು ಅಧಿಕಾರಿಗಳು ಹೆಚ್ಚು ನಂಬುವುದನ್ನು ನಾನು ಕಂಡಿದ್ದೇನೆ.

## 2. ಒಂದು ತಿಂಗಳ ತಪ್ಪುಗಳನ್ನು ಎಣಿಸಿ

‘ಲೆಕ್ಕದಲ್ಲಿ ಗೊಂದಲವಾಗುತ್ತಿದೆ’ ಎಂಬ ವಾಕ್ಯಕ್ಕೆ ಯಾವ ತೂಕವೂ ಇಲ್ಲ. ಒಂದು ಮುಗಿದ ತಿಂಗಳನ್ನು ತೆಗೆದುಕೊಂಡು, ರಜೆ ಪುಸ್ತಕದ ಪ್ರತಿಯೊಂದು ಸಾಲಿಗೂ ಮೆಸ್ ಬಿಲ್ಲಿನಲ್ಲಿ ಕಡಿತ ಸರಿಯಾಗಿ ಬಿದ್ದಿದೆಯೇ ಎಂದು ಪೆನ್ಸಿಲಿನಲ್ಲಿ ಗುರುತು ಮಾಡುತ್ತ ಹೋಗಿ. ನೂರರ ಆಸುಪಾಸಿನ ವಿದ್ಯಾರ್ಥಿಗಳಿರುವ ನಿಲಯಕ್ಕೆ ಒಂದು ಸಂಜೆ ಸಾಕು.

ಮಾದರಿಗಾಗಿ 96 ವಿದ್ಯಾರ್ಥಿಗಳ ಒಂದು ನಿಲಯವನ್ನು ಇಟ್ಟುಕೊಳ್ಳೋಣ. ಮೆಸ್ ದರ ದಿನಕ್ಕೆ ₹80 ಮತ್ತು ನಿಯಮ ‘ಸತತ ಮೂರು ದಿನ ಅಥವಾ ಹೆಚ್ಚು ಇಲ್ಲದಿದ್ದರೆ ಕಡಿತ’ ಎಂದಿರಲಿ. ಮಾರ್ಚ್ ತಿಂಗಳ 41 ರಜೆಗಳನ್ನು ಹೊಂದಿಸಿ ನೋಡಿದಾಗ ಏಳು ತಪ್ಪುಗಳು ಸಿಕ್ಕವು ಎಂದುಕೊಳ್ಳಿ. ಎಷ್ಟು ತಪ್ಪು ಎಂಬುದಕ್ಕಿಂತ ಎಂಥ ತಪ್ಪು ಎಂಬುದು ಮುಖ್ಯವಾದ್ದರಿಂದ, ಅವುಗಳನ್ನು ಬಗೆಗಳಾಗಿ ವಿಂಗಡಿಸಿ.

ಮೊದಲ ಬಗೆ, ತಿಂಗಳು ದಾಟುವ ರಜೆ. ಒಬ್ಬ ವಿದ್ಯಾರ್ಥಿ ಮಾರ್ಚ್ 30ರ ಸಂಜೆ ಹೊರಟು ಏಪ್ರಿಲ್ 3ರ ಬೆಳಿಗ್ಗೆ ಬಂದರೆ, ಅವನು ಪೂರ್ತಿಯಾಗಿ ಇಲ್ಲದ ದಿನಗಳು ಮಾರ್ಚ್ 31, ಏಪ್ರಿಲ್ 1 ಮತ್ತು 2. ಒಟ್ಟು ಮೂರು ದಿನ, ನಿಯಮದಂತೆ ಕಡಿತ ಸಲ್ಲಬೇಕು. ಆದರೆ ಮಾರ್ಚ್ ಬಿಲ್ಲು ಮಾಡುವಾಗ ಒಂದೇ ದಿನ ಕಾಣುತ್ತದೆ, ಏಪ್ರಿಲ್ ಬಿಲ್ಲಿನಲ್ಲಿ ಎರಡೇ ದಿನ ಕಾಣುತ್ತದೆ, ಎರಡು ಕಡೆಯೂ ಅವನಿಗೆ ಏನೂ ಸಿಗುವುದಿಲ್ಲ. ಇದರಲ್ಲಿ ಗುಮಾಸ್ತರ ತಪ್ಪಿಲ್ಲ, ತಿಂಗಳಿಗೊಂದು ಪುಟ ಎಂಬ ಪುಸ್ತಕದ ಆಕಾರವೇ ಈ ತಪ್ಪನ್ನು ಹುಟ್ಟಿಸುತ್ತದೆ. ಇಂಥವು ನಾಲ್ಕು, ಒಟ್ಟು 13 ದಿನ.

ಎರಡನೆಯ ಬಗೆ, ಒಂದೇ ಹೆಸರು. ನಮ್ಮ ಕಡೆಯ ಯಾವ ನಿಲಯದಲ್ಲಿ ಇಬ್ಬರು ಮಂಜುನಾಥ, ಇಬ್ಬರು ಬಸವರಾಜ ಇಲ್ಲ? ಜಗಳೂರಿನ ಮಂಜುನಾಥನ ಕಡಿತ ಹೊಳಲ್ಕೆರೆಯ ಮಂಜುನಾಥನ ಬಿಲ್ಲಿಗೆ ಬೀಳುತ್ತದೆ. ಇಂಥವು ಎರಡು, ಒಟ್ಟು 6 ದಿನ. ಮೂರನೆಯದು ದಿನ ಎಣಿಸುವ ರೀತಿಯ ವ್ಯತ್ಯಾಸ, ಅದು ಒಂದು, ಒಂದೇ ದಿನದ್ದು. ಇದನ್ನು ಮುಂದಿನ ಹಂತದಲ್ಲಿ ನೋಡೋಣ. ಒಟ್ಟು 20 ದಿನ, ₹1,600.

ಎಚ್ಚರಿಕೆ: ಈ ಎಣಿಕೆಯನ್ನು ಪತ್ರದಲ್ಲಿ ಬರೆಯುವಾಗ ಗುಮಾಸ್ತರ ಹೆಸರಾಗಲಿ, ‘ನಿರ್ಲಕ್ಷ್ಯ’ ಎಂಬ ಪದವಾಗಲಿ ಬರಬಾರದು. ನಾಳೆ ಡೇಟಾಬೇಸನ್ನು ನಡೆಸಬೇಕಾದವರು ಅವರೇ. ಪತ್ರ ಕೊಡುವ ಮುಂಚೆ ಎಣಿಕೆಯನ್ನು ಅವರಿಗೇ ಮೊದಲು ತೋರಿಸಿ. ಅವರು ತಿದ್ದಿದರೆ ತಿದ್ದಿಸಿಕೊಳ್ಳಿ.

## 3. ದಿನ ಎಣಿಸುವ ನಿಯಮವನ್ನು ಲಿಖಿತವಾಗಿ ತೀರ್ಮಾನಿಸಿಕೊಳ್ಳಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಆಮೇಲೆ ಅತ್ಯಂತ ಹೆಚ್ಚು ಜಗಳ ತರುವ ಹಂತವೂ ಇದೇ. 14ರ ಸಂಜೆ ಹೊರಟು 18ರ ಬೆಳಿಗ್ಗೆ ಬಂದವರು ಎಷ್ಟು ದಿನ ಇರಲಿಲ್ಲ? 18ರಿಂದ 14 ಕಳೆದರೆ ನಾಲ್ಕು. ಪೂರ್ತಿ ಊಟ ಬಿಟ್ಟ ದಿನಗಳನ್ನು ಎಣಿಸಿದರೆ 15, 16, 17 ಮೂರೇ. ಹೊರಟ ದಿನ, ಬಂದ ದಿನ ಎರಡನ್ನೂ ಸೇರಿಸುವವರಿಗೆ ಐದು. ಪುಸ್ತಕ ಬರೆಯುವವರು ಬದಲಾದಂತೆ ಲೆಕ್ಕವೂ ಬದಲಾಗುತ್ತ ಬಂದಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ. ಕಂಪ್ಯೂಟರ್ ಈ ಗೊಂದಲವನ್ನು ತಾನಾಗಿ ಬಿಡಿಸುವುದಿಲ್ಲ, ನಾವು ಕೊಟ್ಟ ಒಂದು ಎಣಿಕೆಯನ್ನು ಎಲ್ಲರಿಗೂ ಒಂದೇ ರೀತಿ ಅನ್ವಯಿಸುತ್ತದೆ.

ಎರಡು ಪ್ರಶ್ನೆಗಳಿಗೆ ನಿಲಯಪಾಲಕರಿಂದ ಉತ್ತರ ಪಡೆಯಿರಿ. ಒಂದು, ಹೊರಟ ಮತ್ತು ಬಂದ ದಿನಗಳು ಲೆಕ್ಕಕ್ಕೆ ಬರುತ್ತವೆಯೇ? ಎರಡು, ತಿಂಗಳು ದಾಟಿದ ರಜೆಯ ಕಡಿತ ಯಾವ ತಿಂಗಳ ಬಿಲ್ಲಿನಲ್ಲಿ ಬರಬೇಕು? ಎರಡನೆಯದಕ್ಕೆ ನನ್ನ ಸಲಹೆ: ರಜೆಯನ್ನು ತುಂಡು ಮಾಡದೆ, ವಿದ್ಯಾರ್ಥಿ ಹಿಂದಿರುಗಿದ ತಿಂಗಳ ಬಿಲ್ಲಿನಲ್ಲಿ ಪೂರ್ತಿಯಾಗಿ ಕಡಿತ ಮಾಡುವುದು. ಆಗ ಇನ್ನೂ ಬಾರದ ವಿದ್ಯಾರ್ಥಿಯ ಲೆಕ್ಕವನ್ನು ಊಹಿಸುವ ಅಗತ್ಯ ಬರುವುದಿಲ್ಲ.

## 4. ಸಣ್ಣ ಮಾದರಿಯೊಂದನ್ನು ಮಾಡಿ ನೋಡಿ

ಇಲ್ಲಿ ನಿಜವಾದ ಹೆಸರುಗಳನ್ನು ಬಳಸಬೇಡಿ. ಹತ್ತು ಕಲ್ಪಿತ ಹೆಸರು, ಇಪ್ಪತ್ತು ಕಲ್ಪಿತ ರಜೆ ಸಾಕು. ಅವುಗಳಲ್ಲಿ ಒಂದೇ ಹೆಸರಿನ ಇಬ್ಬರು ಮತ್ತು ತಿಂಗಳು ದಾಟುವ ಒಂದು ರಜೆ ಇರಲೇಬೇಕು. ಎರಡು ಪಟ್ಟಿಗಳು ಬೇಕಾಗುತ್ತವೆ.

```sql
CREATE TABLE nivasi (
  pravesha_no TEXT PRIMARY KEY,
  hesaru TEXT NOT NULL,
  kothadi TEXT
);
CREATE TABLE raje (
  raje_no INTEGER PRIMARY KEY AUTOINCREMENT,
  pravesha_no TEXT NOT NULL REFERENCES nivasi,
  horata_dina TEXT NOT NULL,
  banda_dina TEXT,
  raddu_karana TEXT
);
```

ವಿದ್ಯಾರ್ಥಿಯನ್ನು ಗುರುತಿಸುವುದು ಪ್ರವೇಶ ಸಂಖ್ಯೆ, ಹೆಸರಲ್ಲ. ಇಬ್ಬರು ಮಂಜುನಾಥರ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಕೊಠಡಿ ಸಂಖ್ಯೆಯನ್ನು ಗುರುತಾಗಿ ಬಳಸುವ ತಪ್ಪನ್ನೂ ಮಾಡಬೇಡಿ, ಕೊಠಡಿಗಳು ವರ್ಷದ ನಡುವೆ ಬದಲಾಗುತ್ತವೆ. ಪಟ್ಟಿಯಲ್ಲಿಲ್ಲದ ಪ್ರವೇಶ ಸಂಖ್ಯೆಗೆ ರಜೆ ಬರೆದರೆ ತಂತ್ರಾಂಶ ತಡೆಯಬೇಕು, ಆದರೆ `SQLite` ಈ ತಡೆಯನ್ನು ತಾನಾಗಿ ಹಾಕಿಕೊಂಡಿರುವುದಿಲ್ಲ. ಪ್ರತಿ ಸಲ ಕಡತ ತೆರೆದಾಗ `PRAGMA foreign_keys = ON;` ಜಾರಿಯಲ್ಲಿದೆಯೇ ಎಂದು ನೋಡಿ, ಬೇಕೆಂದೇ ಒಂದು ತಪ್ಪು ಸಂಖ್ಯೆ ಹಾಕಿ ಪರೀಕ್ಷಿಸಿ.

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, `2026-03-30` ಎಂಬಂತೆ ಮಾತ್ರ ಬರೆಯಿರಿ. 03/04 ಎಂದು ಬರೆದರೆ ಅದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂದು ಆರು ತಿಂಗಳ ನಂತರ ಯಾರೂ ಹೇಳಲಾರರು. ಮೇಲಾಗಿ, ಕೆಳಗಿನ ಲೆಕ್ಕವೂ ಆ ರೂಪವನ್ನು ಓದುವುದಿಲ್ಲ, ಆ ರಜೆ ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇನ್ನೊಂದು ಮಾತು. ನಮ್ಮ ಕಚೇರಿಗಳಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರ ಶೈಲಿಯಲ್ಲಿ ಟೈಪು ಮಾಡಿದ ಪಟ್ಟಿಗಳು ಬಹಳ ಇವೆ. ಅವನ್ನು ಹಾಗೆಯೇ ತಂದು ಸೇರಿಸಿದರೆ ಡೇಟಾಬೇಸಿನಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ, ಹುಡುಕಾಟ ಕೆಲಸ ಮಾಡುವುದಿಲ್ಲ. ಪಟ್ಟಿಯನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ಓದಿ ನೋಡಿ.

ಹೊರಟ ದಿನ, ಬಂದ ದಿನ ಎರಡನ್ನೂ ಬಿಟ್ಟು ಎಣಿಸುವುದು, ಹಿಂದಿರುಗಿದ ತಿಂಗಳಲ್ಲಿ ಕಡಿತ ಮಾಡುವುದು ಎಂದು ತೀರ್ಮಾನವಾಗಿದ್ದರೆ, ಏಪ್ರಿಲ್ ಬಿಲ್ಲಿನ ಕಡಿತ ತೆಗೆಯುವ ಲೆಕ್ಕ ಇಷ್ಟೇ:

```sql
SELECT pravesha_no, horata_dina, banda_dina,
  CAST(julianday(banda_dina)
     - julianday(horata_dina) - 1 AS INTEGER) AS dina
FROM raje
WHERE banda_dina BETWEEN '2026-04-01' AND '2026-04-30'
  AND raddu_karana IS NULL
  AND julianday(banda_dina) - julianday(horata_dina) - 1 >= 3;
```

ಮಾರ್ಚ್ 30ರಿಂದ ಏಪ್ರಿಲ್ 3ರ ರಜೆಗೆ ಇದು 3 ಎಂದು ತೋರಿಸಬೇಕು. 4 ಅಥವಾ 5 ಬಂದರೆ ಮೂರನೆಯ ಹಂತದ ನಿಯಮ ಸರಿಯಾಗಿ ಇಳಿದಿಲ್ಲ ಎಂದರ್ಥ. ಹತ್ತು ಉತ್ತರಗಳನ್ನು ಬೆರಳೆಣಿಸಿ ತಾಳೆ ನೋಡಿದ ಮೇಲಷ್ಟೇ ಒಂದು ಪುಟದ ಮುದ್ರಿತ ಪ್ರತಿಯನ್ನು ಪತ್ರಕ್ಕೆ ಲಗತ್ತಿಸಿ. ಈ ಕೋಡನ್ನು ಪತ್ರದೊಳಗೆ ಹಾಕಬೇಡಿ.

## 5. ವೆಚ್ಚವನ್ನು ಒಮ್ಮೆಯದು, ಪ್ರತಿ ವರ್ಷದ್ದು ಎಂದು ಬಿಡಿಸಿ

96 ವಿದ್ಯಾರ್ಥಿಗಳು ವರ್ಷಕ್ಕೆ ತಲಾ ಹತ್ತು ರಜೆ ತೆಗೆದುಕೊಂಡರೂ ಸಾವಿರ ಸಾಲು ತುಂಬುವುದಿಲ್ಲ. ಆ ಕಡತ ಒಂದು ಫೋಟೊಗಿಂತ ಚಿಕ್ಕದಾಗಿರುತ್ತದೆ. ಆದ್ದರಿಂದ ಸರ್ವರ್, ತಿಂಗಳ ಬಾಡಿಗೆಯ ಸೇವೆ, ಹೊಸ ಕಂಪ್ಯೂಟರ್ ಇವುಗಳನ್ನು ಕೇಳುವ ಪತ್ರವನ್ನು ನಾನು ಒಪ್ಪುವುದಿಲ್ಲ. ನಿಲಯಪಾಲಕರ ಕಚೇರಿಯಲ್ಲಿ ಈಗಾಗಲೇ ಇರುವ ಕಂಪ್ಯೂಟರ್ ಸಾಕು, ತಂತ್ರಾಂಶಕ್ಕೆ ಶುಲ್ಕವಿಲ್ಲ.

ನಮ್ಮ ಮಾದರಿ ನಿಲಯಕ್ಕೆ ಒಮ್ಮೆಯ ವೆಚ್ಚ ಹೀಗೆ ಬರುತ್ತದೆ: ಕರೆಂಟು ಹೋದಾಗ ಕಡತ ಮುಚ್ಚಲು ಸಮಯ ಕೊಡುವ ಸಣ್ಣ ಯುಪಿಎಸ್ ₹3,500, ಎರಡು ಪೆನ್‌ಡ್ರೈವ್ ₹1,200, ಹೆಸರುಗಳ ಟೈಪಿಂಗ್ ಮತ್ತು ತಾಳೆ 19 ಗಂಟೆಗೆ ₹100ರಂತೆ ₹1,900. ಒಟ್ಟು ₹6,600. ಟೈಪಿಂಗಿನ ಅಂದಾಜು ಊಹೆಯದ್ದಲ್ಲ: ಒಬ್ಬ ವಿದ್ಯಾರ್ಥಿಗೆ ಎಂಟು ನಿಮಿಷದಂತೆ 96 ಮಂದಿಗೆ ಸುಮಾರು 13 ಗಂಟೆ, ಒಬ್ಬರು ಓದಿ ಒಬ್ಬರು ನೋಡುವ ತಾಳೆಗೆ ಆರು ಗಂಟೆ. ನೀವೂ ಐದು ಹೆಸರು ಟೈಪು ಮಾಡಿ ಗಡಿಯಾರ ನೋಡಿ ಬರೆಯಿರಿ. ಪ್ರತಿ ವರ್ಷದ ವೆಚ್ಚಕ್ಕೆ ಮುದ್ರಣ ₹150, ಯುಪಿಎಸ್ ಬ್ಯಾಟರಿಗೆ ಎತ್ತಿಡುವ ₹500, ಒಂದು ಪೆನ್‌ಡ್ರೈವ್ ಬದಲಿಸಲು ₹600, ಒಟ್ಟು ₹1,250.

ಇವು ಮಾದರಿ ಅಂಕಿಗಳು. ನಿಮ್ಮ ಪತ್ರಕ್ಕೆ ನಿಮ್ಮೂರಿನ ಅಂಗಡಿಗಳಿಂದ ಮೂರು ದರಪಟ್ಟಿ ತಂದು ಆ ಅಂಕಿ ಹಾಕಿ.

ಎಲ್ಲರೂ ಮರೆಯುವ ವೆಚ್ಚ ಸಮಯದ್ದು. ಪ್ರಾಯೋಗಿಕ ಅವಧಿಯಲ್ಲಿ ಪುಸ್ತಕವೂ ನಡೆಯಬೇಕು, ಡೇಟಾಬೇಸೂ ನಡೆಯಬೇಕು. ದಿನಕ್ಕೆ 15 ನಿಮಿಷದಂತೆ ತಿಂಗಳಿಗೆ 26 ದಿನ, ನಾಲ್ಕು ತಿಂಗಳಿಗೆ 26 ಗಂಟೆ ಗುಮಾಸ್ತರ ಮೇಲೆ ಹೆಚ್ಚುವರಿ ಬೀಳುತ್ತದೆ. ಇದನ್ನು ಮುಚ್ಚಿಟ್ಟರೆ ಎರಡನೆಯ ವಾರದಲ್ಲೇ ನಮೂದುಗಳು ನಿಂತುಹೋಗುತ್ತವೆ. ಈ ಹೊತ್ತನ್ನು ಅವರ ಯಾವ ಕೆಲಸದಿಂದ ಬಿಡಿಸಿಕೊಡಬೇಕು ಎಂದು ಪತ್ರದಲ್ಲೇ ಕೇಳಿ.

## 6. ಸುರಕ್ಷತೆ: ಏನನ್ನು ಹಾಕುವುದಿಲ್ಲ ಎಂಬುದರಿಂದ ಆರಂಭಿಸಿ

ಮನೆ ವಿಳಾಸ, ಪೋಷಕರ ದೂರವಾಣಿ, ಜಾತಿ, ಆದಾಯ, ಆಧಾರ್ ಸಂಖ್ಯೆ ಇವು ರಜೆ ಲೆಕ್ಕಕ್ಕೆ ಬೇಕಾಗಿಲ್ಲ. ಬೇಕಿಲ್ಲದ್ದನ್ನು ಹಾಕದಿದ್ದರೆ ಕಾಯುವ ಕೆಲಸವೂ ಇಲ್ಲ. ರಜೆಯ ಕಾರಣದ ಅಂಕಣವನ್ನೂ ನಾನು ಇಟ್ಟಿಲ್ಲ. ಮಗಳ ಕಾಯಿಲೆಯ ಬಗ್ಗೆ ತಂದೆ ಬರೆದ ಪತ್ರ ನಿಲಯಪಾಲಕರ ಕಡತದಲ್ಲಿ ಕಾಗದವಾಗಿ ಇರಲಿ. ವಿದ್ಯಾರ್ಥಿನಿಯರ ನಿಲಯದಲ್ಲಿ ಯಾರು ಯಾವ ದಿನ ಊರಿಗೆ ಹೊರಡುತ್ತಾರೆ ಎಂಬ ಪಟ್ಟಿಯೇ ಹೊರಗೆ ಹೋದರೆ ಅಪಾಯ, ಆದ್ದರಿಂದ ಅದನ್ನು ಮೊಬೈಲ್ ಗುಂಪುಗಳಲ್ಲಿ ಹಂಚಬಾರದು ಎಂಬ ಸಾಲು ಪತ್ರದಲ್ಲಿ ಸ್ಪಷ್ಟವಾಗಿ ಇರಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಕೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಪದವಿಪೂರ್ವ ವಿದ್ಯಾರ್ಥಿಗಳಿರುವ ನಿಲಯವಾದರೆ ಪ್ರವೇಶ ಅರ್ಜಿಯಲ್ಲೇ ಪೋಷಕರ ಸಹಿಗೆ ಒಂದು ಒಪ್ಪಿಗೆಯ ಪರಿಚ್ಛೇದ ಸೇರಿಸಲು ಕೇಳಿಕೊಳ್ಳಿ.

ಈಗ ಈ ಸರಳ ಡೇಟಾಬೇಸಿನ ನಿಜವಾದ ಮಿತಿಯನ್ನು ಹೇಳಬೇಕು. `SQLite` ಕಡತಕ್ಕೆ ತನ್ನದೇ ಆದ ಬಳಕೆದಾರರ ಹೆಸರು, ಗುಪ್ತಪದ ಇರುವುದಿಲ್ಲ. ಕಡತ ಸಿಕ್ಕವರು ತೆರೆಯಬಹುದು, ತಿದ್ದಬಹುದು. ಕಂಪ್ಯೂಟರಿನಲ್ಲಿ ನಿಲಯಪಾಲಕರಿಗೂ ಗುಮಾಸ್ತರಿಗೂ ಪ್ರತ್ಯೇಕ ಖಾತೆ, ಗುಪ್ತಪದ, ಬೀಗವಿರುವ ಕೊಠಡಿ ಇವೇ ರಕ್ಷಣೆ. ಎರಡು ಕಂಪ್ಯೂಟರಿನಿಂದ ಒಂದೇ ಕಡತವನ್ನು ಜಾಲದ ಮೂಲಕ ತೆರೆಯುವ ಅಭ್ಯಾಸವೂ ಬೇಡ, ಕಡತ ಹಾಳಾಗುವ ಸಂಭವವಿದೆ.

ಕಾಗದಕ್ಕಿರುವ ಒಂದು ಗುಣ ಡೇಟಾಬೇಸಿಗಿಲ್ಲ. ಪುಸ್ತಕದಲ್ಲಿ ಒಂದು ಸಾಲನ್ನು ಹೊಡೆದುಹಾಕಿದರೆ ಹೊಡೆದ ಗುರುತು ಉಳಿಯುತ್ತದೆ, ಡೇಟಾಬೇಸಿನಲ್ಲಿ ಅಳಿಸಿದರೆ ಏನೂ ಉಳಿಯುವುದಿಲ್ಲ. ಅದಕ್ಕೇ ಯಾವ ಸಾಲನ್ನೂ ಅಳಿಸಬಾರದು, ತಪ್ಪಾದ ಸಾಲಿಗೆ ‘ರದ್ದು ಕಾರಣ’ ಬರೆದು ಹೊಸ ಸಾಲು ಸೇರಿಸಬೇಕು ಎಂಬ ನಿಯಮವಿರಲಿ. ತಿಂಗಳ ಕೊನೆಯಲ್ಲಿ ರದ್ದಾದ ಸಾಲುಗಳೂ ಸೇರಿದಂತೆ ಪೂರ್ತಿ ಪಟ್ಟಿಯನ್ನು ಮುದ್ರಿಸಿ, ನಿಲಯಪಾಲಕರು ಸಹಿ ಮಾಡಿ ಕಡತದಲ್ಲಿಡಬೇಕು. ವಿವಾದ ಬಂದರೆ ಆ ಸಹಿಯಾದ ಹಾಳೆಯೇ ಆಧಾರ. ರಜೆ ಸಂಖ್ಯೆಗಳ ಸಾಲಿನಲ್ಲಿ 57ರ ನಂತರ 59 ಕಂಡರೆ ಯಾರೋ ಒಂದನ್ನು ಅಳಿಸಿದ್ದಾರೆ ಎಂಬುದರ ಮೊದಲ ಸೂಚನೆ ಅದು.

ಕಡತದ ನಕಲು ಪ್ರತಿಯ ವಿಷಯ: ಪ್ರತಿ ಶನಿವಾರ ಒಂದು ಪೆನ್‌ಡ್ರೈವಿಗೆ ಪ್ರತಿ ತೆಗೆಯಬೇಕು, ಮುಂದಿನ ಶನಿವಾರ ಇನ್ನೊಂದಕ್ಕೆ. ಒಂದು ನಿಲಯಪಾಲಕರ ಕಪಾಟಿನಲ್ಲಿ, ಮತ್ತೊಂದು ಕಾಲೇಜು ಕಚೇರಿಯ ಬೀರುವಿನಲ್ಲಿ. ಡೇಟಾಬೇಸ್ ಕಡತವಿರುವ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೊಡಿ, ಇಲ್ಲಿ `E:` ಎಂಬುದು ಪೆನ್‌ಡ್ರೈವ್:

```
sqlite3 nilaya.db ".backup 'E:/nilaya-2026-04-25.db'"
```

ಪ್ರತಿ ಇದೆ ಎನ್ನುವುದು ಬೇರೆ, ಅದು ತೆರೆಯುತ್ತದೆ ಎನ್ನುವುದು ಬೇರೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು `PRAGMA integrity_check;` ಕೊಟ್ಟು `ok` ಎಂದು ಬರುವುದನ್ನು ನೋಡಿ, ಕೊನೆಯ ರಜೆ ಸಂಖ್ಯೆ ಮೂಲ ಕಡತದೊಂದಿಗೆ ಹೊಂದುತ್ತದೆಯೇ ನೋಡಿ, ದಿನಾಂಕದೊಂದಿಗೆ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಬೇಕು.

## 7. ಪತ್ರವನ್ನು ಬರೆಯುವ ಕ್ರಮ

ಪತ್ರ ಎರಡು ಪುಟ ಮೀರಬಾರದು. ಮೊದಲ ಪರಿಚ್ಛೇದದಲ್ಲೇ ಏನನ್ನು, ಎಷ್ಟು ಕಾಲಕ್ಕೆ, ಎಷ್ಟು ಹಣಕ್ಕೆ ಕೇಳುತ್ತಿದ್ದೀರಿ ಎಂಬುದು ಇರಬೇಕು. ನಂತರ ಎಣಿಸಿದ ತಪ್ಪು, ಆಮೇಲೆ ವ್ಯವಸ್ಥೆ, ವೆಚ್ಚ, ಸುರಕ್ಷತೆ, ಹೊಣೆ, ನಿಲ್ಲಿಸುವ ಷರತ್ತು. ‘ಡಿಜಿಟಲ್ ಯುಗದಲ್ಲಿ’ ಎಂದು ಆರಂಭಿಸಿದ ಪತ್ರಗಳಲ್ಲಿ ಕೋರಿಕೆ ಎರಡನೆಯ ಪುಟಕ್ಕೆ ಹೋಗಿಬಿಡುತ್ತದೆ. ನಿಲಯಪಾಲಕರ ಮೂಲಕ ಅಲ್ಲದೆ ನೇರವಾಗಿ ಪ್ರಾಂಶುಪಾಲರಿಗೆ ಕೊಟ್ಟ ಪತ್ರ, ಅಭಿಪ್ರಾಯಕ್ಕಾಗಿ ಹೇಗೂ ನಿಲಯಪಾಲಕರಿಗೇ ಹಿಂದಿರುಗುತ್ತದೆ, ಆಗ ಅವರಿಗೆ ಬೇಸರವೂ ಆಗಿರುತ್ತದೆ.

ನಮ್ಮ ಮಾದರಿ ನಿಲಯದ ಪತ್ರ ಹೀಗಿರಬಹುದು:

> ಇವರಿಂದ: (ಹೆಸರು, ಹುದ್ದೆ ಅಥವಾ ತರಗತಿ), ವಿದ್ಯಾರ್ಥಿನಿಲಯ, ದಾವಣಗೆರೆ
>
> ಇವರಿಗೆ: ಪ್ರಾಂಶುಪಾಲರು, (ಕಾಲೇಜಿನ ಹೆಸರು), ದಾವಣಗೆರೆ
>
> ಮೂಲಕ: ನಿಲಯಪಾಲಕರು
>
> ಮಾನ್ಯರೇ,
>
> ವಿಷಯ: ವಿದ್ಯಾರ್ಥಿನಿಲಯದ ರಜೆ ಪುಸ್ತಕವನ್ನು ನಾಲ್ಕು ತಿಂಗಳ ಕಾಲ ಪ್ರಾಯೋಗಿಕವಾಗಿ ಡೇಟಾಬೇಸಿನಲ್ಲಿಯೂ ನಿರ್ವಹಿಸಲು ಅನುಮತಿ ಕೋರಿ.
>
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ರಜೆ ಪುಸ್ತಕವೊಂದನ್ನು ಮಾತ್ರ, ಈಗಿನ ಕಾಗದದ ಪುಸ್ತಕವನ್ನು ನಿಲ್ಲಿಸದೆ, ಜುಲೈನಿಂದ ಅಕ್ಟೋಬರ್‌ವರೆಗೆ ಕಚೇರಿಯ ಕಂಪ್ಯೂಟರಿನಲ್ಲಿಯೂ ದಾಖಲಿಸಲು ಅನುಮತಿ ಮತ್ತು ಒಮ್ಮೆಯ ವೆಚ್ಚ ₹6,600 ಮಂಜೂರು ಮಾಡಬೇಕೆಂದು ಕೋರುತ್ತೇನೆ.
>
> ಮಾರ್ಚ್ ತಿಂಗಳ 41 ರಜೆಗಳನ್ನು ಮೆಸ್ ಬಿಲ್ಲುಗಳೊಂದಿಗೆ ಹೊಂದಿಸಿ ನೋಡಲಾಗಿ, ಏಳರಲ್ಲಿ ವ್ಯತ್ಯಾಸ ಕಂಡುಬಂದಿದ್ದು, ಅವುಗಳಲ್ಲಿ ನಾಲ್ಕು ತಿಂಗಳು ದಾಟಿದ ರಜೆಗಳು, ಎರಡು ಒಂದೇ ಹೆಸರಿನ ವಿದ್ಯಾರ್ಥಿಗಳಿಗೆ ಸಂಬಂಧಿಸಿದವು ಮತ್ತು ಒಂದು ದಿನಗಣನೆಯದು. ಒಟ್ಟು 20 ದಿನಗಳ ₹1,600 ಮೊತ್ತಕ್ಕೆ ಇದು ಸಂಬಂಧಿಸಿದೆ. ಪುಸ್ತಕವು ತಿಂಗಳಿಗೊಂದು ಪುಟವಾಗಿ ಇರುವುದೇ ಮುಖ್ಯ ಕಾರಣವಾಗಿದ್ದು, ಸಿಬ್ಬಂದಿಯ ಲೋಪವಲ್ಲ.
>
> ಪ್ರಸ್ತಾಪಿತ ವ್ಯವಸ್ಥೆಯಲ್ಲಿ ಪ್ರವೇಶ ಸಂಖ್ಯೆ, ಹೆಸರು, ಕೊಠಡಿ, ಹೊರಟ ದಿನ ಮತ್ತು ಬಂದ ದಿನ ಮಾತ್ರ ಇರುತ್ತವೆ. ನಮೂದು ರದ್ದಾದಾಗ ಅದರ ಕಾರಣ ದಾಖಲಾಗುತ್ತದೆ. ಆಧಾರ್, ಜಾತಿ, ಆದಾಯ, ದೂರವಾಣಿ, ರಜೆಯ ಕಾರಣ ದಾಖಲಾಗುವುದಿಲ್ಲ. ಗೇಟು ಪುಸ್ತಕ ಮತ್ತು ಪೋಷಕರ ಪತ್ರಗಳು ಈಗಿನಂತೆಯೇ ಮುಂದುವರಿಯುತ್ತವೆ.
>
> ವಾರ್ಷಿಕ ವೆಚ್ಚ ₹1,250 ಆಗಲಿದೆ. ಪ್ರಾಯೋಗಿಕ ಅವಧಿಯಲ್ಲಿ ಗುಮಾಸ್ತರಿಗೆ ದಿನಕ್ಕೆ 15 ನಿಮಿಷ ಹೆಚ್ಚುವರಿ ಕೆಲಸ ಬೀಳುವುದರಿಂದ, ಅಷ್ಟು ಸಮಯವನ್ನು ಬೇರೆ ಕೆಲಸದಿಂದ ಬಿಡಿಸಿಕೊಡಬೇಕೆಂದು ವಿನಂತಿಸುತ್ತೇನೆ.
>
> ನಮೂದಿನ ಹೊಣೆ ಗುಮಾಸ್ತರದು, ತಿಂಗಳ ಪಟ್ಟಿಗೆ ಸಹಿ ನಿಲಯಪಾಲಕರದು, ವಾರಕ್ಕೊಮ್ಮೆ ಕಡತದ ನಕಲು ಪ್ರತಿ ತೆಗೆಯುವ ಮತ್ತು ಅದನ್ನು ಪರೀಕ್ಷಿಸುವ ಹೊಣೆ ನನ್ನದು. ಕಂಪ್ಯೂಟರ್ ಕೆಟ್ಟಲ್ಲಿ ಅದೇ ದಿನದಿಂದ ಕಾಗದದ ಪುಸ್ತಕವೇ ಅಧಿಕೃತ ದಾಖಲೆಯಾಗಿ ಮುಂದುವರಿಯುತ್ತದೆ.
>
> ಸತತ ಎರಡು ತಿಂಗಳು ಪುಸ್ತಕ ಮತ್ತು ಡೇಟಾಬೇಸಿನ ನಡುವೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಕಂಡುಬಂದರೆ ಪ್ರಯೋಗವನ್ನು ನಿಲ್ಲಿಸಿ, ತಮಗೆ ಲಿಖಿತ ವರದಿ ಸಲ್ಲಿಸಲಾಗುವುದು.
>
> ತಮ್ಮ ವಿಶ್ವಾಸಿ,
> (ಸಹಿ)
>
> ಸ್ಥಳ: ದಾವಣಗೆರೆ ದಿನಾಂಕ:
>
> ಲಗತ್ತು: ಮಾರ್ಚ್ ತಿಂಗಳ ವ್ಯತ್ಯಾಸಗಳ ಪಟ್ಟಿ (ಹೆಸರಿಲ್ಲದೆ), ಮೂರು ದರಪಟ್ಟಿಗಳು, ಕಲ್ಪಿತ ಹೆಸರುಗಳ ಮಾದರಿ ಮುದ್ರಣ, ದಿನಗಣನೆಯ ನಿಯಮ.

ಹೊಣೆಯ ಪರಿಚ್ಛೇದದಲ್ಲಿ ‘ನನ್ನದು’ ಎಂಬ ಪದವನ್ನು ಬರೆಯುವ ಮುಂಚೆ ಯೋಚಿಸಿ. ಅಂತಿಮ ವರ್ಷದ ವಿದ್ಯಾರ್ಥಿಯಾಗಿದ್ದರೆ ಮುಂದಿನ ಜೂನ್‌ನಲ್ಲಿ ನೀವಿರುವುದಿಲ್ಲ. ಹಾಗಿದ್ದಲ್ಲಿ ಆ ಕೆಲಸಕ್ಕೆ ಒಪ್ಪಿದ ಸಿಬ್ಬಂದಿಯ ಹುದ್ದೆಯನ್ನು ಬರೆಯಿರಿ, ಅವರಿಂದ ಮೊದಲೇ ಒಪ್ಪಿಗೆ ಪಡೆದಿರಿ. ವ್ಯಕ್ತಿಯೊಬ್ಬರ ತಲೆಯಲ್ಲಷ್ಟೇ ಇದ್ದ ಡೇಟಾಬೇಸು, ಅವರು ಹೋದ ಮರುವರ್ಷ ಗುಪ್ತಪದವೂ ತಿಳಿಯದೆ ಬಿದ್ದಿದ್ದನ್ನು ಒಂದು ಕಾಲೇಜಿನಲ್ಲಿ ನೋಡಿದ್ದೇನೆ. ಗುಪ್ತಪದವನ್ನು ಮುಚ್ಚಿದ ಲಕೋಟೆಯಲ್ಲಿ ಪ್ರಾಂಶುಪಾಲರ ಕಚೇರಿಗೆ ಕೊಡುವ ಪದ್ಧತಿ ಇರಲಿ.

## 8. ಸಲ್ಲಿಸುವುದು ಮತ್ತು ಹಿಂಬಾಲಿಸುವುದು

ಎರಡು ಪ್ರತಿ ಒಯ್ಯಿರಿ. ಟಪ್ಪಾಲಿನಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಒಳಬರುವ ಸಂಖ್ಯೆ ಹಾಕಿಸಿಕೊಳ್ಳಿ. ಪರೀಕ್ಷೆ ಅಥವಾ ಪ್ರವೇಶದ ವಾರಗಳಲ್ಲಿ ಕೊಡಬೇಡಿ. ಯುಗಾದಿ, ನಾಯಕನಹಟ್ಟಿ ಜಾತ್ರೆಗಳ ಆಸುಪಾಸಿನಲ್ಲಿ ರಜೆಗಳು ಒಮ್ಮೆಲೇ ಏರುತ್ತವೆ, ಆದ್ದರಿಂದ ಪ್ರಯೋಗದ ಆರಂಭವೂ ಆ ವಾರಗಳಲ್ಲಿ ಬೀಳದಂತೆ ನೋಡಿಕೊಳ್ಳಿ.

ಹದಿನೈದು ದಿನ ಉತ್ತರ ಬಾರದಿದ್ದರೆ, ಒಳಬರುವ ಸಂಖ್ಯೆಯನ್ನು ‘ಉಲ್ಲೇಖ’ದಲ್ಲಿ ಬರೆದು ನಾಲ್ಕು ಸಾಲಿನ ಜ್ಞಾಪನ ಪತ್ರ ಕೊಡಿ. ‘ಚರ್ಚಿಸಿ’ ಎಂಬ ಷರಾ ಬಂದರೆ ಅದು ನಿರಾಕರಣೆಯಲ್ಲ. ದಿನಗಣನೆಯ ನಿಯಮ ಮತ್ತು ಮಾದರಿ ಮುದ್ರಣ ಹಿಡಿದು ಹೋಗಿ, ಮಾರ್ಚ್ 30ರ ಆ ಒಂದು ರಜೆಯನ್ನೇ ಮೇಜಿನ ಮೇಲಿಟ್ಟು ವಿವರಿಸಿ. ‘ಎಲ್ಲ ಪುಸ್ತಕಗಳನ್ನೂ ಒಟ್ಟಿಗೇ ಮಾಡಿಬಿಡಿ’ ಎಂದು ಅತಿ ಉತ್ಸಾಹದ ಅನುಮತಿ ಬಂದರೆ ಮಾತ್ರ ವಿನಯದಿಂದ ತಡೆಯಿರಿ, ಆ ಅನುಮತಿಯಲ್ಲಿ ಸಾಮಾನ್ಯವಾಗಿ ಹಣವೂ ಇರುವುದಿಲ್ಲ, ಜನರೂ ಇರುವುದಿಲ್ಲ.

ಅನುಮತಿ ಬಂದ ಮೇಲೆ ಮೊದಲ ತಿಂಗಳಲ್ಲಿ ಗಮನಿಸಬೇಕಾದ ಸೂಚನೆಗಳು ಎರಡು. ಡೇಟಾಬೇಸಿನ ನಮೂದುಗಳೆಲ್ಲ ಒಂದೇ ದಿನ, ಅಂದರೆ ತಿಂಗಳ ಕೊನೆಯ ದಿನ, ಸೇರುತ್ತಿದ್ದರೆ ದಿನದ 15 ನಿಮಿಷ ಗುಮಾಸ್ತರಿಗೆ ಸಿಕ್ಕಿಲ್ಲ ಎಂದರ್ಥ. ಮತ್ತು ಬಂದ ದಿನ ಖಾಲಿಯಿರುವ ಸಾಲುಗಳು ಹೆಚ್ಚುತ್ತಿದ್ದರೆ, ಹಿಂದಿರುಗಿದ ವಿದ್ಯಾರ್ಥಿಗಳು ಗೇಟಿನಲ್ಲಿ ಸಹಿ ಮಾಡಿ ಕಚೇರಿಗೆ ತಿಳಿಸದೆ ಹೋಗುತ್ತಿದ್ದಾರೆ. ಪ್ರತಿದಿನ ಬೆಳಿಗ್ಗೆ ಗೇಟು ಪುಸ್ತಕದ ಹಿಂದಿನ ದಿನದ ಪುಟವನ್ನು ಕಚೇರಿಗೆ ತಂದು, ಬಂದವರ ದಿನಾಂಕವನ್ನು ಅದರಿಂದಲೇ ತುಂಬುವ ಏರ್ಪಾಡು ಮಾಡಿದರೆ ಖಾಲಿ ಸಾಲುಗಳು ನಿಲ್ಲುತ್ತವೆ.